ಪೋಸ್ಟರಿನ ಪಂಚೆಗೂ ನೆರಿಗೆಯ ಲೆಕ್ಕವಿದೆ

ಗಣೇಶ ಚತುರ್ಥಿ, ದಸರಾ, ದೀಪಾವಳಿಗಳ ಹೊತ್ತಿಗೆ ಕರ್ನಾಟಕದ ಊರೂರಿನ ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿಗಳಿಗೆ ಬರುವ ಕೆಲಸಗಳಲ್ಲಿ ಒಂದು ಬಗೆಯದು ಮೇಲ್ನೋಟಕ್ಕೆ ಹಗುರವಾಗಿ ಕಂಡರೂ ಕೈಗೆತ್ತಿಕೊಂಡ ಮೇಲೆ ಬಹಳ ಹೊತ್ತು ಹಿಡಿಯುತ್ತದೆ. ಶುಭಾಶಯ ಕೋರುವವರು ಕಳಿಸಿಕೊಟ್ಟ ಫೋಟೊದಲ್ಲಿ ಅಂಗಿ, ಪ್ಯಾಂಟು ಇರುತ್ತವೆ. ಪೋಸ್ಟರಿನಲ್ಲಿ ಮಾತ್ರ ಅವರು ಜರಿಯಂಚಿನ ಪಂಚೆ ಉಟ್ಟು, ಅಂಗವಸ್ತ್ರ ಹೊದ್ದು, ಕೈಮುಗಿದು ನಿಂತಿರಬೇಕು. ಇಂತಹ ಪೋಸ್ಟರುಗಳಲ್ಲಿ ಹೆಚ್ಚಿನವು ಎರಡು ಮಾರು ದೂರದಿಂದಲೇ ಸುಳ್ಳೆಂದು ತಿಳಿದುಬಿಡುತ್ತವೆ, ಮತ್ತು ಆ ಸುಳ್ಳು ಹೊರಬೀಳುವುದು ಸಾಮಾನ್ಯವಾಗಿ ಎಲ್ಲರೂ ಎಚ್ಚರ ವಹಿಸುವ ಕುತ್ತಿಗೆಯ ಜೋಡಣೆಯಲ್ಲಿ ಅಲ್ಲ, ಯಾರೂ ಹೆಚ್ಚು ಗಮನ ಕೊಡದ ಸೊಂಟದಲ್ಲಿ ಮತ್ತು ಮುಂದಿನ ನೆರಿಗೆಗಳಲ್ಲಿ.

ಇದಕ್ಕೆ ಕಾರಣ ಈ ಎರಡು ಉಡುಪುಗಳ ಹುಟ್ಟಿನಲ್ಲೇ ಇದೆ. ಅಂಗಿ ಹೊಲಿದ ಬಟ್ಟೆಯಾದ್ದರಿಂದ ಅದರ ಆಕಾರ ಹೊಲಿಗೆಯಿಂದ ಬರುತ್ತದೆ, ಮೈ ಬಾಗುವ ಕಡೆಗಳಲ್ಲಿ, ಅಂದರೆ ಕಂಕುಳು, ಮೊಣಕೈ, ಹೊಟ್ಟೆಯ ಗುಂಡಿಗಳ ಆಸುಪಾಸಿನಲ್ಲಿ ಮಾತ್ರ ಸುಕ್ಕು ಬೀಳುತ್ತದೆ. ಪಂಚೆ ಮತ್ತು ಅಂಗವಸ್ತ್ರಗಳು ಹೊಲಿಗೆಯಿಲ್ಲದ ಉದ್ದನೆಯ ಬಟ್ಟೆಗಳು. ಸುತ್ತು, ಗಂಟು, ಸಿಕ್ಕಿಸಿದ ಜಾಗ ಮತ್ತು ಬಟ್ಟೆಯದೇ ತೂಕ, ಈ ನಾಲ್ಕು ಸೇರಿ ಅವುಗಳಿಗೆ ರೂಪ ಕೊಡುತ್ತವೆ. ಆದ್ದರಿಂದ ಪಂಚೆಯ ಮೇಲಿನ ಪ್ರತಿಯೊಂದು ಗೆರೆಯೂ ಎಲ್ಲೋ ಒಂದು ಕಡೆ ಬಟ್ಟೆಯನ್ನು ಎಳೆದು ಹಿಡಿದಿರುವುದರ ಗುರುತು. ಅಂಗಿಗೆ ಬಿಳಿ ಬಣ್ಣ ಬಳಿದು ಅಂಚು ಬರೆದರೆ ಪಂಚೆಯಾಗದಿರುವುದಕ್ಕೂ, ಅಂತರ್ಜಾಲದಿಂದ ಇಳಿಸಿಕೊಂಡ ಪಂಚೆಯೊಂದನ್ನು ಕತ್ತರಿಸಿ ಅಂಟಿಸಿದರೆ ಅದು ಮೈಗೆ ಹತ್ತದಿರುವುದಕ್ಕೂ ಇದೇ ಕಾರಣ: ಗೆರೆಗಳಿರುತ್ತವೆ, ಅವನ್ನು ಹುಟ್ಟಿಸಿದ ಎಳೆತ ಚಿತ್ರದಲ್ಲಿ ಇರುವುದಿಲ್ಲ.

ಹೀಗಾಗಿ ಕಂಪ್ಯೂಟರಿನ ಮುಂದೆ ಕೂರುವುದಕ್ಕೆ ಮೊದಲು ಬಟ್ಟೆಯ ಅಳತೆ ತಿಳಿದಿರಬೇಕು. ಪಂಚೆಯನ್ನು ಮೊಳದ ಲೆಕ್ಕದಲ್ಲಿ ಕೊಳ್ಳುವುದು ವಾಡಿಕೆ. ಒಂದು ಮೊಳವೆಂದರೆ ಸುಮಾರು 18 ಇಂಚು, ಅಂದರೆ 45 ಸೆಂಟಿಮೀಟರ್. ಕಚ್ಚೆಯಿಲ್ಲದೆ ಸುಮ್ಮನೆ ಸುತ್ತಿಕೊಳ್ಳುವ ಅಡ್ಡಪಂಚೆಗೆ ನಾಲ್ಕು ಮೊಳ ಸಾಕು, ಅಥವಾ ಎಂಟು ಮೊಳದ್ದನ್ನು ಎರಡಾಗಿ ಮಡಚಿ ಸುತ್ತಿಕೊಳ್ಳುತ್ತಾರೆ. ಕಚ್ಚೆ ಹಾಕಿ ಉಡುವುದಕ್ಕೆ ಒಂಬತ್ತು ಅಥವಾ ಹತ್ತು ಮೊಳ ಬೇಕು. ರೇಷ್ಮೆಯ ಜೋಡಿಗಳನ್ನು ಅಂಗಡಿಯಲ್ಲಿ ಒಂಬತ್ತು–ಐದು, ಹತ್ತು–ಆರು ಎಂದು ಕರೆಯುವಾಗ ಮೊದಲ ಅಂಕಿ ಪಂಚೆಯದು, ಎರಡನೆಯದು ಅಂಗವಸ್ತ್ರದ್ದು. ಬಟ್ಟೆಯ ಅಗಲ ಸುಮಾರು ಒಂದೂಕಾಲು ಮೀಟರ್. ಇಷ್ಟು ಅಂಕಿಗಳಿಂದಲೇ ಪೋಸ್ಟರಿನ ಎಷ್ಟೋ ತಪ್ಪುಗಳು ಸಿಕ್ಕಿಬೀಳುತ್ತವೆ. ನಾಲ್ಕು ಮೊಳದ ಅಡ್ಡಪಂಚೆ 90 ಸೆಂಟಿಮೀಟರ್ ಸುತ್ತಳತೆಯ ಸೊಂಟವನ್ನು ಸರಿಯಾಗಿ ಎರಡು ಸುತ್ತು ಬಳಸುವಷ್ಟರಲ್ಲಿ ಮುಗಿದುಹೋಗುತ್ತದೆ, ನೆರಿಗೆ ಹಿಡಿಯಲು ಬಟ್ಟೆಯೇ ಉಳಿದಿರುವುದಿಲ್ಲ. ಅದರ ಮುಂಭಾಗದಲ್ಲಿ ಕಾಣುವುದು ಮೇಲಿನಿಂದ ಕೆಳಕ್ಕೆ ಇಳಿಯುವ ಒಂದೇ ಒಂದು ಅಂಚು. ಅಡ್ಡಪಂಚೆಯ ನಡುವೆ ಸೀರೆಯಂತೆ ನೆರಿಗೆ ಬರೆದಿರುವ ಪೋಸ್ಟರು ಪಂಚೆ ಉಡುವವರ ಕಣ್ಣಿಗೆ ಕೂಡಲೇ ಹೊಡೆಯುತ್ತದೆ.

ಕಚ್ಚೆಪಂಚೆಯಲ್ಲಿ ನೆರಿಗೆ ಇದೆ, ಆದರೆ ಅದಕ್ಕೂ ಒಂದು ಮಿತಿಯಿದೆ. ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದು ಎರಡು ತುದಿಗಳನ್ನೂ ಮುಂದೆ ಹಿಡಿದು ಹೊಕ್ಕುಳ ಬಳಿ ಬಿಗಿ ಮಾಡಿ, ಒಂದು ತುದಿಯನ್ನು ನೆರಿಗೆಯಾಗಿಸಿ ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು ಬೆನ್ನಿನ ಕಡೆ ಸಿಕ್ಕಿಸುತ್ತಾರೆ, ಇನ್ನೊಂದು ತುದಿಯನ್ನು ನೆರಿಗೆ ಹಿಡಿದು ಹೊಕ್ಕುಳ ಬಳಿ ಸಿಕ್ಕಿಸುತ್ತಾರೆ. ಐದು ಕಡೆ ಸಿಕ್ಕಿಸುವ ಕ್ರಮಕ್ಕೆ ಪಂಚಕಚ್ಚೆ ಎಂಬ ಹೆಸರಿದೆ. ಒಂಬತ್ತು ಮೊಳವೆಂದರೆ ನಾಲ್ಕು ಮೀಟರಿಗೆ ತುಸು ಹೆಚ್ಚು. ಅದರಲ್ಲಿ ಸೊಂಟ ಸುತ್ತುವ ಭಾಗವನ್ನು ಕಳೆದು ಉಳಿದದ್ದನ್ನು ಹಿಂದಕ್ಕೂ ಮುಂದಕ್ಕೂ ಹಂಚಿದರೆ, ಮುಂದಿನ ಪಾಲಿಗೆ ಸುಮಾರು ಒಂದೂವರೆ ಮೀಟರ್ ಬರುತ್ತದೆ, ಅದರಲ್ಲೂ ಒಂದು ಭಾಗ ತೊಡೆಯ ಮೇಲೆ ಹಾಯ್ದು ಬರುವುದಕ್ಕೇ ಹೋಗುತ್ತದೆ. ನಾಲ್ಕು ಬೆರಳ ಅಗಲದ, ಅಂದರೆ ಏಳು ಸೆಂಟಿಮೀಟರಿನ ಒಂದು ನೆರಿಗೆ ಹೋಗಿ ಬರುವ ಎರಡು ಮೈಗಳಿಗೆ ಸೇರಿ ಹದಿನಾಲ್ಕು ಸೆಂಟಿಮೀಟರ್ ಬಟ್ಟೆ ತಿನ್ನುತ್ತದೆ. ಆದ್ದರಿಂದ ಮುಂದೆ ಏಳೆಂಟು ನೆರಿಗೆ ಸಹಜ. ಹದಿನೈದು ಬರೆದರೆ ನೆರಿಗೆಯೊಂದಕ್ಕೇ ಎರಡು ಮೀಟರಿಗಿಂತ ಹೆಚ್ಚು ಬಟ್ಟೆ ಬೇಕು. ನೋಡುವವರು ಎಣಿಸುವುದಿಲ್ಲ ನಿಜ, ಆದರೆ ದಿನವೂ ಪಂಚೆ ನೋಡಿದ ಕಣ್ಣಿಗೆ ಅದು ಸೀರೆಯಂತೆಯೋ ನಾಟಕದ ವೇಷದಂತೆಯೋ ಕಾಣುತ್ತದೆ.

ಒಂದು ಉದಾಹರಣೆಯನ್ನು ಹಿಡಿದು ಕೆಲಸದ ಹಾದಿಯನ್ನು ನೋಡಬಹುದು. ಬಡಾವಣೆಯೊಂದರ ಗಣೇಶೋತ್ಸವಕ್ಕೆ 12 ಇಂಚು ಅಗಲ, 18 ಇಂಚು ಎತ್ತರದ ಪೋಸ್ಟರು ಅಚ್ಚಾಗಬೇಕಿದೆ ಎಂದುಕೊಳ್ಳಿ. ಇಂಚಿಗೆ 300 ಚುಕ್ಕಿಗಳ ಲೆಕ್ಕದಲ್ಲಿ ಕಡತದ ಗಾತ್ರ 3600 × 5400 ಪಿಕ್ಸೆಲ್ ಆಗುತ್ತದೆ. ಸಿಕ್ಕಿರುವ ಫೋಟೊ ಮೊಬೈಲಿನದು, ಮಧ್ಯವಯಸ್ಕರೊಬ್ಬರು ನೀಲಿ ಚೌಕುಳಿಯ ಅರ್ಧತೋಳಿನ ಅಂಗಿಯನ್ನು ಹೊರಗೆ ಬಿಟ್ಟುಕೊಂಡು, ಕೈಮುಗಿದು, ತಲೆಯಿಂದ ಪಾದದವರೆಗೆ ಕಾಣುವಂತೆ ನಿಂತಿದ್ದಾರೆ, ಬೆಳಕು ಅವರ ಬಲಗಡೆ ಮೇಲಿನಿಂದ ಬೀಳುತ್ತಿದೆ. 170 ಸೆಂಟಿಮೀಟರ್ ಎತ್ತರದ ವ್ಯಕ್ತಿ ಚಿತ್ರದಲ್ಲಿ 3400 ಪಿಕ್ಸೆಲ್ ಎತ್ತರ ತುಂಬಿದ್ದರೆ ಒಂದು ಸೆಂಟಿಮೀಟರಿಗೆ 20 ಪಿಕ್ಸೆಲ್ ಎಂದಾಯಿತು. ಇದನ್ನು ಮೊದಲೇ ಬರೆದಿಟ್ಟುಕೊಂಡರೆ ಮುಂದಿನದೆಲ್ಲ ಅಂದಾಜಿನ ಬದಲು ಅಳತೆಯ ಮೇಲೆ ನಡೆಯುತ್ತದೆ: ಏಳು ಸೆಂಟಿಮೀಟರಿನ ನೆರಿಗೆ 140 ಪಿಕ್ಸೆಲ್, ನಾಲ್ಕು ಸೆಂಟಿಮೀಟರಿನ ಜರಿಯಂಚು 80 ಪಿಕ್ಸೆಲ್.

ಬಟ್ಟೆಯನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ಒಳ್ಳೆಯ ಉತ್ತರ ಒಂದೇ. ಹೆಚ್ಚುಕಡಿಮೆ ಅದೇ ಮೈಕಟ್ಟಿನ ಬೇರೊಬ್ಬರಿಗೆ ನಿಜವಾದ ಪಂಚೆ ಉಡಿಸಿ, ಅಂಗವಸ್ತ್ರ ಹೊದಿಸಿ, ಅದೇ ದಿಕ್ಕಿನ ಬೆಳಕಿನಲ್ಲಿ, ಅದೇ ನಿಲುವಿನಲ್ಲಿ ಫೋಟೊ ತೆಗೆಯಬೇಕು. ಕ್ಯಾಮೆರಾದ ಎತ್ತರವೂ ಮೂಲ ಫೋಟೊದಂತೆಯೇ ಇರಬೇಕು, ಏಕೆಂದರೆ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರದಲ್ಲಿ ಸೊಂಟದ ಸುತ್ತು ಕೆಳಕ್ಕೆ ಬಾಗಿದ ಕಮಾನಿನಂತೆ ಕಾಣುತ್ತದೆ, ಮೊಣಕಾಲಿನ ಮಟ್ಟದಿಂದ ತೆಗೆದದ್ದರಲ್ಲಿ ಅದೇ ಸುತ್ತು ಮೇಲಕ್ಕೆ ಬಾಗುತ್ತದೆ, ಮತ್ತು ಈ ಬಾಗನ್ನು ಆಮೇಲೆ ತಿದ್ದುವುದು ಬಹುತೇಕ ಆಗದ ಮಾತು. ಅಂತರ್ಜಾಲದ ಸಿದ್ಧಚಿತ್ರಗಳು ಸೋಲುವುದು ಬಹಳ ಸಲ ಇಲ್ಲಿಯೇ. ಅವುಗಳ ಹಕ್ಕು ಬೇರೆಯವರದಾಗಿರುತ್ತದೆ ಎಂಬ ತೊಡಕು ಬೇರೆ.

ಇನ್ನು ಸೊಂಟ. ಪ್ಯಾಂಟು ನಿಲ್ಲುವುದು ಸೊಂಟದ ಮೂಳೆಯ ಮೇಲೆ. ಪಂಚೆ ಕಟ್ಟುವುದು ಹೊಕ್ಕುಳ ಮಟ್ಟದಲ್ಲಿ ಅಥವಾ ಅದಕ್ಕೆ ತುಸು ಕೆಳಗೆ. ಈ ಎರಡರ ನಡುವೆ ಆರೇಳು ಸೆಂಟಿಮೀಟರ್ ಅಂತರವಿರುತ್ತದೆ, ನಮ್ಮ ಚಿತ್ರದಲ್ಲಿ ಸುಮಾರು 120ರಿಂದ 140 ಪಿಕ್ಸೆಲ್. ಪ್ಯಾಂಟಿನ ಬೆಲ್ಟು ಇದ್ದ ಜಾಗಕ್ಕೇ ಪಂಚೆಯನ್ನು ಕೂರಿಸಿದರೆ ಮೈ ಉದ್ದವಾಗಿ ಕಾಲು ಗಿಡ್ಡವಾಗಿ ಕಾಣುತ್ತದೆ, ತಪ್ಪು ಎಲ್ಲಿದೆ ಎಂದು ನೋಡುವವರಿಗೆ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಎಂದು ಅನ್ನಿಸುತ್ತದೆ. ಅಂಗಿಯನ್ನು ಹೊರಗೆ ಬಿಟ್ಟಿರುವುದರಿಂದ ಹೊಕ್ಕುಳ ಎಲ್ಲಿದೆಯೆಂದು ನೇರವಾಗಿ ಕಾಣುವುದಿಲ್ಲ. ನೆಲದಿಂದ ಅಳೆದರೆ ಅದು ಒಟ್ಟು ಎತ್ತರದ ಸುಮಾರು ಅರುವತ್ತು ಪ್ರತಿಶತದ ಮಟ್ಟದಲ್ಲಿರುತ್ತದೆ, ಅಂದರೆ ಪಾದದಿಂದ 2040 ಪಿಕ್ಸೆಲ್ ಮೇಲೆ. ಅಲ್ಲೊಂದು ಅಡ್ಡ ಮಾರ್ಗದರ್ಶಿ ಗೆರೆ ಎಳೆದುಕೊಂಡು ಪಂಚೆಯ ಮೇಲಂಚನ್ನು ಅದಕ್ಕೆ ಹೊಂದಿಸಬೇಕು.

ಸೊಂಟದ ಮಡಿಕೆ ಯಾಕೆ ದಪ್ಪಗಿರುತ್ತದೆ ಎಂಬುದನ್ನೂ ಅಳತೆಯೇ ಹೇಳುತ್ತದೆ. ಬಟ್ಟೆಯ ಅಗಲ 125 ಸೆಂಟಿಮೀಟರ್, ಹೊಕ್ಕುಳಿನಿಂದ ಹರಡಿನವರೆಗಿನ ದೂರ ಈ ಎತ್ತರದವರಿಗೆ 95 ಸೆಂಟಿಮೀಟರಿನ ಆಸುಪಾಸು. ಮಿಕ್ಕ ಬಟ್ಟೆಯನ್ನು ಮೇಲಂಚಿನಲ್ಲಿ ಹೊರಕ್ಕೆ ಸುರುಳಿ ಮಾಡಿಯೋ ಒಳಕ್ಕೆ ಮಡಚಿಯೋ ಮುಗಿಸಬೇಕಾಗುತ್ತದೆ. ಹೀಗಾಗಿ ಸೊಂಟದಲ್ಲಿ ಕಾಣುವುದು ಬಟ್ಟೆಯ ಒಂದೇ ಗೆರೆಯಲ್ಲ, ನಾಲ್ಕೈದು ಸೆಂಟಿಮೀಟರ್ ಎತ್ತರದ ಉಬ್ಬಿದ ಪಟ್ಟಿ. ಇದರ ಮೇಲ್ಭಾಗದಲ್ಲಿ ಬೆಳಕು ಹಿಡಿಯುತ್ತದೆ, ಕೆಳಭಾಗದಲ್ಲಿ ಅದರದೇ ನೆರಳು ಪಂಚೆಯ ಮೇಲೆ ಬೀಳುತ್ತದೆ, ಸಿಕ್ಕಿಸಿದ ಜಾಗದಿಂದ ಎರಡು ಪಕ್ಕೆಗಳ ಕಡೆಗೆ ಸಣ್ಣ ಸಣ್ಣ ಎಳೆತದ ಗೆರೆಗಳು ಬೀಸಣಿಗೆಯಂತೆ ಹರಡುತ್ತವೆ. ಪಕ್ಕೆಯ ಕಡೆ ಸರಿಯುತ್ತಾ ಹೋದಂತೆ ಗೆರೆಗಳು ಒತ್ತಾಗಿ ಕಡೆಗೆ ಮರೆಯಾಗುತ್ತವೆ. ಕತ್ತರಿಸಿ ಅಂಟಿಸಿದ ಪಂಚೆಯಲ್ಲಿ ಈ ಪಟ್ಟಿ ಬಲದಿಂದ ಎಡಕ್ಕೆ ಒಂದೇ ದಪ್ಪಕ್ಕೆ, ಕಾಗದದ ಪಟ್ಟಿಯಂತೆ ಹಾಯ್ದಿರುತ್ತದೆ. ಮೈ ದುಂಡಗಿರುವುದನ್ನು ಆ ಪಟ್ಟಿಯೇ ತೋರಿಸಬೇಕಾದ್ದರಿಂದ, ಅದನ್ನು ಉಳಿದ ಪಂಚೆಯಿಂದ ಬೇರೆಯಾದ ಲೇಯರಿನಲ್ಲಿ, ಅಂದರೆ ಚಿತ್ರದ ಮೇಲೆ ಹಾಸಿದ ಪ್ರತ್ಯೇಕ ಪದರದಲ್ಲಿ ಇಟ್ಟುಕೊಂಡು ಸೊಂಟಕ್ಕೆ ತಕ್ಕಂತೆ ಬಾಗಿಸುವುದು ಲೇಸು.

ಪಟ್ಟಿಯ ಮೇಲ್ಗಡೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಗಿಯಾಗಿ ಕಟ್ಟಿದ ಪಂಚೆ ಹೊಟ್ಟೆಯ ಮಾಂಸವನ್ನು ಕೊಂಚ ಒಳಕ್ಕೆ ಒತ್ತುತ್ತದೆ, ಮೇಲಿನ ಚರ್ಮ ಅಷ್ಟೇ ಕೊಂಚ ಹೊರಕ್ಕೆ ಉಬ್ಬುತ್ತದೆ. ಪಕ್ಕೆಯ ರೇಖೆಯಲ್ಲಿ ನಾಲ್ಕೈದು ಪಿಕ್ಸೆಲ್‌ಗಳಷ್ಟು ಈ ಉಬ್ಬನ್ನು `Liquify`ಯಿಂದ ತಂದು, ಚರ್ಮ ಮತ್ತು ಬಟ್ಟೆ ಕೂಡುವಲ್ಲಿ ಎರಡು ಮೂರು ಪಿಕ್ಸೆಲ್ ಅಗಲದ ಗಟ್ಟಿ ನೆರಳನ್ನೂ ಅದರ ಹೊರಗೆ ಹದಿನೈದಿಪ್ಪತ್ತು ಪಿಕ್ಸೆಲ್ ಹರಡುವ ತೆಳು ನೆರಳನ್ನೂ ಹಾಕಿದರೆ ಪಂಚೆ ಮೈಗೆ ಅಂಟಿಕೊಳ್ಳುತ್ತದೆ. ಈ ನೆರಳಿಗೆ ಕಪ್ಪು ಬಣ್ಣ ಬಳಸಬಾರದು. ಚರ್ಮದ ಮೇಲೆ ಬೀಳುವ ನೆರಳು ಕೆಂಪುಗಂದು ಬಣ್ಣದ್ದು, ಬಟ್ಟೆಯ ಮೇಲಿನದು ಬೂದುನೀಲಿ ಅಥವಾ ಬೂದುಹಳದಿ. ಎರಡಕ್ಕೂ ಒಂದೇ ನೆರಳು ಹಾಕಿದ್ದು ಬಹುಪಾಲು ಪೋಸ್ಟರುಗಳಲ್ಲಿ ಕಾಣುವ ದೋಷ.

ಸೊಂಟ ಕೂತ ಮೇಲೆ ಕೆಳಗಿನ ಭಾಗಕ್ಕೆ ಬರಬೇಕು. ಪಂಚೆಯನ್ನು ಇಡಿಯಾಗಿ ಹಿಗ್ಗಿಸಿ ಕುಗ್ಗಿಸಿ ಕಾಲಿಗೆ ಹೊಂದಿಸುವ ಬದಲು, ಬಲತೊಡೆಯ ಮೇಲಿನ ಹಾಸು, ಎಡತೊಡೆಯ ಹಾಸು, ನಡುವಿನ ನೆರಿಗೆಗಳ ಕಟ್ಟು, ಹಿಂದೆ ಇಣುಕುವ ಅಂಚು ಎಂದು ಬೇರೆ ಬೇರೆ ಲೇಯರುಗಳಾಗಿ ಬಿಡಿಸಿಕೊಳ್ಳಬೇಕು, ಏಕೆಂದರೆ ಇವುಗಳಲ್ಲಿ ಎಳೆತದ ದಿಕ್ಕು ಬೇರೆ ಬೇರೆ. ಕಾಲುಗಳ ನಡುವಿನಿಂದ ಹಿಂದಕ್ಕೆ ಎಳೆದ ಕಚ್ಚೆಯಿಂದಾಗಿ ತೊಡೆಯ ಹಾಸಿನ ಮೇಲಿನ ಗೆರೆಗಳು ಒಳತೊಡೆಯಿಂದ ಹೊರಗಿನ ಸೊಂಟದ ಕಡೆಗೆ ಓರೆಯಾಗಿ ಏರುತ್ತವೆ. ನಡುವಿನ ನೆರಿಗೆಗಳು ಮಾತ್ರ ತಮ್ಮ ತೂಕಕ್ಕೆ ತಾವೇ ನೆಟ್ಟಗೆ ಇಳಿಯುತ್ತವೆ. ಚಿತ್ರಕಲೆಯ ಪಾಠಗಳಲ್ಲಿ ಬಟ್ಟೆಯ ಮಡಿಕೆಗಳನ್ನು ಏಳು ಬಗೆಯಾಗಿ ವಿಂಗಡಿಸುವ ಕ್ರಮವಿದ್ದರೂ ಈ ಕೆಲಸಕ್ಕೆ ಎರಡರ ಪರಿಚಯ ಸಾಕು. ಒಂದು ಜಾಗದಲ್ಲಿ ಹಿಡಿದು ಇಳಿಬಿಟ್ಟಾಗ ಆಗುವ ಕೊಳವೆಯಂತಹ ಮಡಿಕೆ ನೆರಿಗೆಯದು, ಎರಡು ಜಾಗಗಳ ನಡುವೆ ತೂಗುಬಿಟ್ಟಾಗ ಆಗುವ ತೊಟ್ಟಿಲಿನಂತಹ ಮಡಿಕೆ ಅಂಗವಸ್ತ್ರದ್ದು.

ಬಾಗಿಸುವುದಕ್ಕೆ ಫೋಟೊಶಾಪಿನ `Puppet Warp` ಹೆಚ್ಚು ಅನುಕೂಲ. ಇದು ಚಿತ್ರದ ಮೇಲೆ ಬಲೆಯೊಂದನ್ನು ಹಾಸಿ, ಬೇಕಾದಲ್ಲಿ ಗುಂಡುಸೂಜಿ ಚುಚ್ಚಿ, ಒಂದನ್ನು ಸರಿಸಿದಾಗ ಉಳಿದವು ಅಲುಗದಂತೆ ನೋಡಿಕೊಳ್ಳುವ ಸಾಧನ. ಸೂಜಿಗಳನ್ನು ಎಲ್ಲಿ ಬೇಕಾದರೂ ಚುಚ್ಚುವ ಬದಲು ನಿಜವಾದ ಪಂಚೆ ಎಲ್ಲಿ ಸಿಕ್ಕಿಕೊಂಡಿರುತ್ತದೆಯೋ ಅಲ್ಲಿ, ಅಂದರೆ ಹೊಕ್ಕುಳ ಬಳಿ, ಎರಡು ಪಕ್ಕೆಗಳಲ್ಲಿ ಮತ್ತು ಒಳತೊಡೆಯಲ್ಲಿ ಚುಚ್ಚಿ, ಸರಿಸುವುದನ್ನು ಕೆಳ ಅಂಚಿನ ಸೂಜಿಗಳಿಗೆ ಮಾತ್ರ ಬಿಟ್ಟರೆ ಗೆರೆಗಳು ತಾವಾಗಿಯೇ ಸರಿಯಾದ ದಿಕ್ಕಿಗೆ ತಿರುಗುತ್ತವೆ. ಬಟ್ಟೆಯನ್ನು ಒಂದು ಮಿತಿಗಿಂತ ಹೆಚ್ಚು ಎಳೆದರೆ, ಅನುಭವದ ಮಾತಿನಲ್ಲಿ ಹತ್ತು ಹದಿನೈದು ಪ್ರತಿಶತ ದಾಟಿದರೆ, ನೇಯ್ಗೆ ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ಸಣ್ಣದಾಗಿ ಕಾಣತೊಡಗುತ್ತದೆ. ಇದನ್ನು ಅಳೆಯುವುದಕ್ಕೆ ಜರಿಯಂಚಿಗಿಂತ ಒಳ್ಳೆಯ ಮಾನದಂಡವಿಲ್ಲ. ಮಗ್ಗದಲ್ಲಿ ನೇಯ್ದ ಅಂಚು ಆದಿಯಿಂದ ಅಂತ್ಯದವರೆಗೆ ಒಂದೇ ಅಗಲದ್ದಾಗಿರುವುದರಿಂದ, ನಮ್ಮ ಚಿತ್ರದಲ್ಲಿ ಎದುರಿಗೆ ತಿರುಗಿದ ಕಡೆ 80 ಪಿಕ್ಸೆಲ್ ಇರಬೇಕಾದ ಅಂಚು ಒಂದು ನೆರಿಗೆಯಲ್ಲಿ 60, ಪಕ್ಕದಲ್ಲಿ 100 ಆಗಿದ್ದರೆ ಅಲ್ಲಿ ಎಳೆತ ಮಿತಿಮೀರಿದೆ ಎಂದೇ ಅರ್ಥ, ಆ ಭಾಗವನ್ನು ಮೂಲ ಫೋಟೊದಿಂದ ಹೊಸದಾಗಿ ತಂದು ಜೋಡಿಸುವುದೇ ದಾರಿ.

ನೆರಿಗೆಗಳ ತುದಿಯಲ್ಲಿ ಜರಿಯಂಚು ನಡೆದುಕೊಳ್ಳುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪೋಸ್ಟರಿನ ಹಣೆಬರಹ ಅಲ್ಲೇ ತೀರ್ಮಾನವಾಗುತ್ತದೆ. ನೆರಿಗೆಗಳು ಒಂದರ ಮೇಲೊಂದು ಕೂತಿರುವಾಗ ಪ್ರತಿ ನೆರಿಗೆಯ ಅಂಚು ಮೇಲಿನದಕ್ಕಿಂತ ತುಸು ಪಕ್ಕಕ್ಕೂ ತುಸು ಮೇಲಕ್ಕೋ ಕೆಳಕ್ಕೋ ಸರಿದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಮಡಿಕೆಯ ಒಳಗೆ ಹೋಗುವಾಗ ಅಂಚಿನ ಚಿನ್ನದ ಬಣ್ಣ ಕಂದಾಗುತ್ತದೆ, ಮುಂದಿನ ನೆರಿಗೆಯ ಉಬ್ಬಿನ ಮೇಲೆ ಹಠಾತ್ತನೆ ಹೊಳೆಯುತ್ತದೆ. ಅಂಚನ್ನು ಬೇರೆ ಕಡೆಯಿಂದ ತಂದು ನೆರಿಗೆಗಳ ಮೇಲೆ ಒಂದೇ ಸರಳರೇಖೆಯಲ್ಲಿ ಅಂಟಿಸಿದರೆ ಮಡಿಕೆಗಳೆಲ್ಲ ಬಟ್ಟೆಯ ಮೇಲೆ ಅಚ್ಚೊತ್ತಿದ ಗೆರೆಗಳಂತೆ ಚಪ್ಪಟೆಯಾಗುತ್ತವೆ. ಗಿರಾಕಿ ಬೇರೆ ವಿನ್ಯಾಸದ ಅಂಚನ್ನೇ ಕೇಳಿದಾಗ `Displace` ಎಂಬ ಶೋಧಕವನ್ನು ಬಳಸಬಹುದು. ಪಂಚೆಯ ಕಪ್ಪುಬಿಳುಪು ಪ್ರತಿಯೊಂದನ್ನು ಮೂರು ನಾಲ್ಕು ಪಿಕ್ಸೆಲ್‌ಗಳಷ್ಟು ಮಸುಕಾಗಿಸಿ ನಕ್ಷೆಯಾಗಿ ಉಳಿಸಿಕೊಂಡರೆ, ಈ ಶೋಧಕ ಆ ನಕ್ಷೆಯ ತಿಳಿಭಾಗಗಳಲ್ಲಿ ಅಂಚನ್ನು ಒಂದು ಕಡೆಗೂ ಗಾಢಭಾಗಗಳಲ್ಲಿ ಎದುರು ಕಡೆಗೂ ತಳ್ಳುತ್ತದೆ, ನಡುಮಟ್ಟದ ಬೂದು ಇರುವಲ್ಲಿ, ಅಂದರೆ 128ರ ಮೌಲ್ಯದಲ್ಲಿ, ಅಲುಗಿಸುವುದಿಲ್ಲ. ಸಣ್ಣ ಏರಿಳಿತಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಒಂದರ ಕೆಳಗೊಂದು ಪೂರ್ತಿ ಅಡಗುವ ನೆರಿಗೆಗಳಿಗೆ ಮಾತ್ರ ಒದಗುವುದಿಲ್ಲ, ಏಕೆಂದರೆ ಅಲ್ಲಿ ಅಂಚು ಬಾಗುವುದಲ್ಲ, ತುಂಡಾಗಿ ಮತ್ತೊಂದು ಕಡೆ ಶುರುವಾಗುತ್ತದೆ. ಅಲ್ಲಿ ಪ್ರತಿ ನೆರಿಗೆಗೂ ಅಂಚಿನ ಬೇರೆ ತುಣುಕನ್ನು ಕೈಯಿಂದಲೇ ಕೂರಿಸಬೇಕು. ಏಳೆಂಟು ನೆರಿಗೆಗೆ ಏಳೆಂಟು ತುಣುಕು, ಅದಕ್ಕೆ ಬೇರೆ ಒಳದಾರಿಯಿಲ್ಲ.

ಜರಿಯ ಬಣ್ಣದ ವಿಷಯದಲ್ಲೂ ಒಂದು ಮಾತು ಸೇರಿಸಬೇಕು. ಜರಿಯೆಂದರೆ ಒಂದು ಹಳದಿಯಲ್ಲ, ಗಾಢ ಕಂದಿನಿಂದ ಹಿಡಿದು ಬಹುತೇಕ ಬಿಳಿಯವರೆಗೆ ಓಡಾಡುವ ಹೊಳಪು. ಇಡೀ ಅಂಚಿಗೆ ಸಮನಾದ ಹಳದಿ ತುಂಬಿದರೆ ಅದು ಬಣ್ಣದ ನೂಲಿನ ಅಂಚಾಗುತ್ತದೆ, ಮೇಲುಕೋಟೆಯ ಕೈಮಗ್ಗದ ಪಂಚೆಗೂ ಮೈಸೂರು ರೇಷ್ಮೆಯ ಪಂಚೆಗೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಹತ್ತಿಯ ಪಂಚೆಯ ಮಡಿಕೆ ಚೂಪಾಗಿ ಮುರಿಯುತ್ತದೆ, ಇಸ್ತ್ರಿಯ ಅಡ್ಡಗೆರೆ ಉಳಿದಿರುತ್ತದೆ, ಬೆಳಕು ಹರಡಿಕೊಳ್ಳುತ್ತದೆ. ರೇಷ್ಮೆಯ ಮಡಿಕೆ ದುಂಡಗೆ ಉರುಳುತ್ತದೆ, ಉಬ್ಬಿನ ನೆತ್ತಿಯಲ್ಲಿ ಬೆಳಕಿನ ಗೆರೆ ಓಡುತ್ತದೆ. ಒಂದರ ಮಡಿಕೆಗೆ ಇನ್ನೊಂದರ ಹೊಳಪು ಹಚ್ಚಬಾರದು.

ಈಗ ಅಂಗಿ ಇದ್ದ ಮೇಲ್ಭಾಗ. ಅಂಗಿಯನ್ನು ತೆಗೆದರೆ ಅದರ ಹಿಂದೆ ಕಾಣಬೇಕಾದ ಎದೆ, ಭುಜ, ಮೇಲ್ತೋಳುಗಳು ಫೋಟೊದಲ್ಲಿ ಇಲ್ಲವೇ ಇಲ್ಲ. ಅವನ್ನು ಬೇರೊಬ್ಬರ ಮೈಯಿಂದ ತರಬೇಕು. ಆದ್ದರಿಂದ ಅಂಗವಸ್ತ್ರವನ್ನು ಹೇಗೆ ಹೊದಿಸಬೇಕು ಎಂಬುದು ಅಲಂಕಾರದ ಪ್ರಶ್ನೆಯಾಗುವುದಕ್ಕೆ ಮೊದಲು ಕೊರತೆ ತುಂಬುವ ಪ್ರಶ್ನೆ. ನಮ್ಮ ಉದಾಹರಣೆಯಲ್ಲಿ ಅರ್ಧತೋಳಿನ ಅಂಗಿಯಿಂದಾಗಿ ಮುಂಗೈ ಮತ್ತು ಮೊಣಕೈಗಳು ಮೂಲದಲ್ಲೇ ಇವೆ, ಮುಗಿದ ಕೈಗಳು ಎದೆಯ ನಡುವನ್ನು ಮರೆಮಾಡಿವೆ. ಕಾಣೆಯಾಗಿರುವುದು ಭುಜ ಮತ್ತು ಮೇಲ್ತೋಳು. ಅಂಗವಸ್ತ್ರವನ್ನು ಮಡಚಿ ಒಂದೇ ಭುಜದ ಮೇಲೆ ಹಾಕಿದರೆ ಇನ್ನೊಂದು ಭುಜ, ತೋಳು ಎಲ್ಲವನ್ನೂ ಸೃಷ್ಟಿಸಬೇಕಾಗುತ್ತದೆ. ಅದರ ಬದಲು ಬೆನ್ನ ಹಿಂದಿನಿಂದ ತಂದು ಎರಡೂ ಭುಜಗಳ ಮೇಲೆ ಅಗಲವಾಗಿ ಹರಡಿ ಮೇಲ್ತೋಳಿನ ಮೇಲೆ ಇಳಿಬಿಟ್ಟರೆ, ಬರೆಯಬೇಕಾದ ಚರ್ಮ ಕುತ್ತಿಗೆಯ ಕೆಳಗಿನ ತ್ರಿಕೋನಕ್ಕೂ ಕೈಗಳ ಕೆಳಗೆ ಕಾಣುವ ಹೊಟ್ಟೆಯ ಪಟ್ಟಿಗೂ ಸೀಮಿತವಾಗುತ್ತದೆ. ಭುಜದ ತುದಿಯಲ್ಲಿ ಬಟ್ಟೆ ಮೈಗೆ ಒತ್ತಿಕೊಂಡು ಮಡಿಕೆಗಳು ಮಾಯವಾಗಬೇಕು, ಭುಜ ಇಳಿದ ಮೇಲೆ ತೋಳಿನ ಹೊರಬದಿಯಲ್ಲಿ ಅವು ಮತ್ತೆ ಹುಟ್ಟಬೇಕು, ಮೊಣಕೈ ಮಡಚಿದ ಕಡೆ ಬಟ್ಟೆ ಸಿಕ್ಕಿಕೊಂಡು ಅಂಕುಡೊಂಕಾಗಿ ಮುರಿಯಬೇಕು. ಭುಜದ ಮೇಲೂ ತೋಳಿನ ಮೇಲೂ ಒಂದೇ ಒತ್ತಿನ ನೆರಿಗೆಗಳಿರುವ ಅಂಗವಸ್ತ್ರ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ.

ಕುತ್ತಿಗೆಯ ಬಳಿ ಬಹಳ ಜನ ಗಮನಿಸದ ಒಂದು ತೊಡಕಿದೆ. ನೀಲಿ ಅಂಗಿಯ ಮೇಲೆ ಬಿದ್ದ ಬೆಳಕು ಪುಟಿದು ಗಲ್ಲದ ಕೆಳಗೆ, ದವಡೆಯ ಅಡಿಯಲ್ಲಿ ನೀಲಿಛಾಯೆಯನ್ನು ಬಿಟ್ಟಿರುತ್ತದೆ, ಕಾಲರು ಕುತ್ತಿಗೆಯ ಮೇಲೆ ನೆರಳನ್ನೂ ಚೆಲ್ಲಿರುತ್ತದೆ. ಅಂಗಿ ಹೋದರೂ ಇವೆರಡು ಉಳಿದರೆ ಇಲ್ಲದ ಬಟ್ಟೆಯ ಬಣ್ಣ ಮುಖದ ಮೇಲೆ ಉಳಿದಂತೆ. ಆದ್ದರಿಂದ ಗಲ್ಲದ ಕೆಳಭಾಗವನ್ನು ಮಾತ್ರ ಆರಿಸಿಕೊಂಡು ನೀಲಿಯನ್ನು ಇಳಿಸಿ, ಬಿಳಿಯ ಅಂಗವಸ್ತ್ರದಿಂದ ಪುಟಿಯುವ ಬೆಳಕಿಗೆ ಸಮನಾಗಿ ಆ ಭಾಗವನ್ನು ಒಂದಿಷ್ಟು ತಿಳಿಯಾಗಿಸಬೇಕು. ಬಿಸಿಲು ಕಂಡ ಮುಖ ಮತ್ತು ಮುಂಗೈಗಿಂತ ಎದೆಯ ಚರ್ಮ ಸಾಮಾನ್ಯವಾಗಿ ತಿಳಿಯಾಗಿರುವುದರಿಂದ, ಎದೆಗೆ ಮುಖದ ಬಣ್ಣವನ್ನೇ ನೂರಕ್ಕೆ ನೂರು ಹೊಂದಿಸುವುದೂ ತಪ್ಪೇ. ಕುತ್ತಿಗೆಯ ಬುಡದಲ್ಲಿ ಎರಡು ಬಣ್ಣಗಳು ಒಂದರೊಳಗೊಂದು ಕರಗಬೇಕು.

ಬೆಳಕು ನೆರಳುಗಳ ಕೊನೆಯ ತಿದ್ದುಪಡಿಯನ್ನು ಪಂಚೆ, ಅಂಗವಸ್ತ್ರ, ಮೈ ಎಲ್ಲವೂ ತಮ್ಮ ಜಾಗದಲ್ಲಿ ಕೂತ ಮೇಲೆ, ಅವೆಲ್ಲದರ ಮೇಲೆ ಹಾಸಿದ ಒಂದೇ ಲೇಯರಿನಲ್ಲಿ ಮಾಡುವುದು ಕ್ರಮ. ಐವತ್ತು ಪ್ರತಿಶತ ಬೂದು ತುಂಬಿದ ಲೇಯರನ್ನು `Soft Light` ಸ್ಥಿತಿಯಲ್ಲಿಟ್ಟರೆ ಆ ಬೂದು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ತಿಳಿಗೊಳಿಸಿದಲ್ಲಿ ಕೆಳಗಿನ ಚಿತ್ರ ಬೆಳಗುತ್ತದೆ, ಗಾಢವಾಗಿಸಿದಲ್ಲಿ ಮಬ್ಬಾಗುತ್ತದೆ, ಮೂಲಕ್ಕೆ ಯಾವ ಹಾನಿಯೂ ಆಗುವುದಿಲ್ಲ. ಒಂದು ನೆರಿಗೆಯ ಎರಡು ಬದಿಗಳು ಒಂದೇ ತೆರನಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಬಟ್ಟೆ ಮೆಲ್ಲಗೆ ಹೊರಳುವ ಬದಿಯಲ್ಲಿ ಬೆಳಕು ಮೆತ್ತಗೆ ಇಳಿಯುತ್ತದೆ, ಮಡಿಕೆ ಮುಗಿದು ಕೆಳಗಿನ ಪದರ ಶುರುವಾಗುವ ಬದಿಯಲ್ಲಿ ಗೆರೆ ಚೂಪಾಗಿರುತ್ತದೆ. ಎರಡೂ ಬದಿಗೆ ಸಮನಾದ ಮಸುಕು ಹಾಕಿದ ನೆರಿಗೆಗಳು ತಗಡಿನ ಚಾವಣಿಯ ಅಲೆಗಳಾಗಿಬಿಡುತ್ತವೆ.

ಬೆಳಕಿನ ದಿಕ್ಕು ಹೊಂದದಿದ್ದಾಗ ಪಂಚೆಯ ಫೋಟೊವನ್ನು ಎಡಬಲ ತಿರುಗಿಸಿಬಿಡುವುದು ಅಂಗಡಿಗಳಲ್ಲಿ ಬಳಕೆಯಲ್ಲಿರುವ ಸುಲಭೋಪಾಯ. ಬರಿಯ ಪಂಚೆಯ ಮಟ್ಟಿಗೆ ಇದು ನಡೆದುಹೋಗಬಹುದು. ಪಂಚೆ ಉಟ್ಟು ನಿಂತವರ ಮೈಯನ್ನೂ ಜೊತೆಗೆ ತಂದಿದ್ದರೆ, ಮತ್ತು ಅವರು ಜನಿವಾರ ಧರಿಸಿದ್ದರೆ, ಎಡಭುಜದ ಮೇಲಿರುವ ದಾರ ಬಲಭುಜಕ್ಕೆ ಬಂದುಬಿಡುತ್ತದೆ. ಅದು ಅಪಸವ್ಯ, ಅಂದರೆ ಪಿತೃಕಾರ್ಯದಲ್ಲಿ ಹಾಕಿಕೊಳ್ಳುವ ಕ್ರಮ. ಹಬ್ಬದ ಶುಭಾಶಯದ ಪೋಸ್ಟರಿನಲ್ಲಿ ಅದು ಕಾಣಿಸಿಕೊಂಡರೆ ಗಿರಾಕಿಯ ಮನೆಯವರು ಹೇಗೆ ತೆಗೆದುಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ತಿರುಗಿಸದಿದ್ದರೂ, ಜನಿವಾರ ಹಾಕದ ಸಮುದಾಯದವರ ಎದೆಯ ಮೇಲೆ ಬೇರೊಬ್ಬರ ಜನಿವಾರವನ್ನು ಕೂರಿಸುವುದು, ಅಥವಾ ಲಿಂಗದ ಕರಡಿಗೆ ಧರಿಸುವವರ ಕೊರಳನ್ನು ಬೋಳಾಗಿಸುವುದು ಬರಿಯ ಚಿತ್ರದ ತಪ್ಪಾಗಿ ಉಳಿಯುವುದಿಲ್ಲ. ಬರಿಮೈಯ ಮೇಲೆ ಅಂಗವಸ್ತ್ರ ಹೊದೆಯುವ ವೇಷ ತನಗೆ ಒಪ್ಪಿಗೆಯೇ ಎಂದು ಆ ವ್ಯಕ್ತಿಯನ್ನೇ ಕೇಳಿಕೊಳ್ಳುವುದು ಒಳಿತು; ಉತ್ತರ ಕರ್ನಾಟಕದಲ್ಲಿ ಧೋತರದ ಮೇಲೆ ಅಂಗಿ ತೊಟ್ಟೇ ಹಬ್ಬಕ್ಕೆ ನಿಲ್ಲುವ ಹಿರಿಯರು ಬಹಳ, ಅವರಿಗೆ ಬಿಳಿಯ ಅಂಗಿಯ ಮೇಲೆ ಶಲ್ಯ ಹೊದಿಸಿದರೆ ಮೈ ಬರೆಯುವ ಕೆಲಸವೇ ತಪ್ಪುತ್ತದೆ.

ಮುಗಿಯಿತು ಎಂದುಕೊಂಡ ಚಿತ್ರವನ್ನು ಪರೀಕ್ಷಿಸುವಾಗ ಹಿಗ್ಗಿಸಿ ನೋಡುವುದಕ್ಕಿಂತ ಕುಗ್ಗಿಸಿ ನೋಡುವುದು ಹೆಚ್ಚು ಫಲ ಕೊಡುತ್ತದೆ. ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿದಾಗ ನೂಲೆಳೆಗಳೆಲ್ಲ ಮರೆಯಾಗಿ, ಸೊಂಟದ ಮಟ್ಟ, ನೆರಳಿನ ದಿಕ್ಕು, ಅಂಚಿನ ಓಟ ಇವಷ್ಟೇ ಉಳಿಯುತ್ತವೆ, ಬೀದಿಯಲ್ಲಿ ನಡೆದುಹೋಗುವವರು ನೋಡುವುದೂ ಇವನ್ನೇ. ಇಡೀ ಚಿತ್ರವನ್ನು ತಾತ್ಕಾಲಿಕವಾಗಿ ಎಡಬಲ ಮಾಡಿ ನೋಡಿದರೆ, ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೆ ಮರೆಯಾಗಿದ್ದ ಓರೆಗಳು ಎದ್ದು ಕಾಣುತ್ತವೆ. ಕಪ್ಪುಬಿಳುಪಾಗಿಸಿದರೆ ಮೈಯ ನೆರಳೂ ಬಟ್ಟೆಯ ನೆರಳೂ ಒಂದೇ ಆಳದಲ್ಲಿವೆಯೇ ಎಂಬುದು ತಿಳಿಯುತ್ತದೆ. ಒಂದೇ ಸುಕ್ಕು ಎರಡು ಕಡೆ ಕಂಡರೆ ಬಟ್ಟೆಯ ತುಣುಕನ್ನು ನಕಲಿಸಿರುವುದು ಹೊರಬಿದ್ದಂತೆ.

ಅಚ್ಚಿಗೆ ಕಳಿಸುವ ಹಂತದಲ್ಲಿ ಬಿಳಿಯ ಪಂಚೆಗೆ ಇನ್ನೊಂದು ಅಪಾಯ ಕಾದಿರುತ್ತದೆ. ಪರದೆಯ ಮೇಲೆ 255ರ ಪೂರ್ಣ ಬಿಳುಪಿನಲ್ಲಿರುವ ಭಾಗಕ್ಕೆ ಅಚ್ಚಿನಲ್ಲಿ ಶಾಯಿಯೇ ಬೀಳುವುದಿಲ್ಲ, ಅಲ್ಲಿ ಕಾಣುವುದು ಬರಿಯ ಕಾಗದ. ಕಷ್ಟಪಟ್ಟು ಕೂರಿಸಿದ ನೆರಿಗೆಗಳ ನೆತ್ತಿಗಳೆಲ್ಲ ಒಂದಾಗಿ ಪಂಚೆಯ ನಡುವೆ ಬಿಳಿಯ ತೂತೊಂದು ಬಿದ್ದಂತಾಗುತ್ತದೆ. ಅತಿ ಬೆಳಕಿನ ಜಾಗಗಳನ್ನೂ 240ರ ಆಸುಪಾಸಿಗೆ ಇಳಿಸಿ, ಪೂರ್ಣ ಬಿಳುಪನ್ನು ಜರಿಯ ಮಿಂಚಿಗೆ ಮಾತ್ರ ಉಳಿಸಿಕೊಂಡರೆ ಇದನ್ನು ತಪ್ಪಿಸಬಹುದು. ಅದೇ ಕಡತವನ್ನು ಆರಡಿ ಎತ್ತರದ ಫ್ಲೆಕ್ಸಿಗೂ ಬಳಸುವುದಾದರೆ ಇಂಚಿಗೆ 72 ಚುಕ್ಕಿಗಳು ಸಾಕಾಗುತ್ತವೆ, 72 ಇಂಚಿಗೆ ಲೆಕ್ಕ ಹಾಕಿದರೆ 5184 ಪಿಕ್ಸೆಲ್. ನಮ್ಮ ಪೋಸ್ಟರಿನ 5400 ಅದಕ್ಕೂ ಒದಗುತ್ತದೆ.

ಇಷ್ಟೆಲ್ಲ ನಿಗಾ ವಹಿಸಿ ಮಾಡಿದ ಒಂದು ಚಿತ್ರಕ್ಕೆ ನುರಿತವರಿಗೂ ಅರ್ಧ ದಿನದ ಕೆಲಸ ಹಿಡಿಯುತ್ತದೆ, ಹಬ್ಬದ ಹಿಂದಿನ ಸಂಜೆ ಫೋಟೊ ಕಳಿಸಿ ಬೆಳಗಾಗುವುದರೊಳಗೆ ಪೋಸ್ಟರು ಕೇಳುವವರಿಗೆ ಅದು ಸಿಗುವುದಿಲ್ಲ. ಉತ್ಸವ ಸಮಿತಿಯವರು ಒಂದು ವಾರ ಮೊದಲೇ ಫೋಟೊ ಕಳಿಸಲಿ. ಅಂಗಿಯ ತೋಳು ಗಿಡ್ಡವಾಗಿರುವ, ಕೈ ಎದೆಯ ಮುಂದಿರುವ, ತಲೆಯಿಂದ ಪಾದದವರೆಗೆ ಪೂರ್ತಿ ಕಾಣುವ ಚಿತ್ರವನ್ನೇ ಆರಿಸಲಿ. ಆ ವ್ಯಕ್ತಿ ಊರಿನಲ್ಲೇ ಇದ್ದರೆ, ಅವರಿಗೇ ಪಂಚೆ ಉಡಿಸಿ ಹತ್ತು ನಿಮಿಷ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಇವೆಲ್ಲಕ್ಕಿಂತ ಉತ್ತಮ.